ಸಂದರ್ಶನದ ಮಾತಿನಲ್ಲಿ ಏನು ಉಳಿಸಬೇಕು, ಏನು ತೆಗೆಯಬೇಕು: ಕಲಬುರಗಿ, ಯಾದಗಿರಿ ಕಡೆ ಕ್ಷೇತ್ರಕಾರ್ಯ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಗುಳೆ, ಕೂಲಿ, ತೊಗರಿ ಬೆಳೆ, ಸಾಲ ಇಂಥ ವಿಷಯಗಳ ಮೇಲೆ ಈ ಭಾಗದಲ್ಲಿ ಸಂದರ್ಶನ ಮಾಡಿದವರ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಓದುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ತೊದಲು, ತುಂಬುಮಾತು ತೆಗೆದು ‘ಕ್ಲೀನ್’ ಮಾಡುತ್ತೇವೆ ಎಂದು ಹೊರಟವರು ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿರುತ್ತಾರೆ. ಒಂದು ಸದ್ದೂ ಬಿಡದೆ ಆಡಿದ್ದನ್ನು ಆಡಿದಂತೆಯೇ ಬರೆಯುವ ‘ವರ್ಬೇಟಿಮ್’ ಎಂದು ಹೊರಟವರು ಹತ್ತು ಪುಟ ಎಲ್ಲ ‘ಹೂಂ’ಗಳನ್ನೂ ಬರೆದು, ಹನ್ನೊಂದನೇ ಪುಟಕ್ಕೆ ದಣಿದು, ತಮಗೆ ತಿಳಿಯದಂತೆಯೇ ಕ್ಲೀನ್‌ಗೆ ಜಾರಿರುತ್ತಾರೆ. ಎರಡೂ ಕಡೆ ಹಾಳಾಗುವುದು ದತ್ತಾಂಶ.

ಇಲ್ಲಿ ಹೇಳುವ ಕ್ರಮ ಸಮಾಜಶಾಸ್ತ್ರ, ಸಮಾಜಕಾರ್ಯ, ಗ್ರಾಮೀಣ ಅಧ್ಯಯನದ ಸಾಮಾನ್ಯ ಸಂದರ್ಶನಕ್ಕೆ. ಮಾತಿನ ರಚನೆಯನ್ನೇ ಅಭ್ಯಾಸ ಮಾಡುವ ಸಂಭಾಷಣಾ ವಿಶ್ಲೇಷಣೆಯವರಿಗೆ ಗೇಲ್ ಜೆಫರ್ಸನ್ ರೂಪಿಸಿದ ಸಂಕೇತ ಪದ್ಧತಿ ಇದೆ. ಅದರಲ್ಲಿ ಉಸಿರು, ಎಳೆತ, ಮಾತಿನ ಮೇಲೆ ಮಾತು ಬಿದ್ದ ಜಾಗ ಎಲ್ಲಕ್ಕೂ ಗುರುತುಗಳಿವೆ. ನಿಮಗೆ ಅದು ಬೇಕಿದ್ದರೆ ನಿಮ್ಮ ಮಾರ್ಗದರ್ಶಕರು ಈಗಾಗಲೇ ಹೇಳಿರುತ್ತಾರೆ.

ಬೇಕಾಗುವ ಸಾಮಾನು

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಧ್ವನಿಯನ್ನು ನಿಧಾನ ಮಾಡಿ ಹಿಂದೆ ಓಡಿಸಬಲ್ಲ ಒಂದು ಪ್ಲೇಯರ್, ಕ್ಷೇತ್ರದ ಟಿಪ್ಪಣಿ ಪುಸ್ತಕ. ಬ್ರೌಸರಿನಲ್ಲಿ ಉಚಿತವಾಗಿ ಸಿಗುವ oTranscribe ಸಾಕು. `Esc` ಒತ್ತಿದರೆ ನಿಲ್ಲುತ್ತದೆ ಇಲ್ಲವೇ ಓಡುತ್ತದೆ, `F1` ಹಿಂದಕ್ಕೆ ಸರಿಸುತ್ತದೆ, `F3` ನಿಧಾನ ಮಾಡುತ್ತದೆ, `Ctrl+J` ಸಮಯ ನಮೂದಿಸುತ್ತದೆ. ಕೈ ಕೀಲಿಮಣೆ ಬಿಡಬೇಕಿಲ್ಲ.

ಟೈಪಿಂಗ್ ಮಾತ್ರ ಯುನಿಕೋಡ್‌ನಲ್ಲೇ ಇರಲಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಹೊಡೆದರೆ ಮುಂದೆ ಮಾತನ್ನು ವಿಷಯವಾರು ಗುರುತು ಹಾಕಿ ವಿಂಗಡಿಸುವ ಕೋಡಿಂಗ್ ತಂತ್ರಾಂಶಕ್ಕೆ ಹಾಕಿದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಒಂದು ಶಬ್ದವೂ ಹುಡುಕಿದರೆ ಸಿಗುವುದಿಲ್ಲ. ಪುಟಗಟ್ಟಲೆ ಹೊಡೆದ ಮೇಲೆ ಇದು ತಿಳಿಯುವುದಕ್ಕಿಂತ ಮೊದಲ ಅರ್ಧ ಪುಟ ಹಾಕಿ ನೋಡುವುದು ಒಳ್ಳೆಯದು.

ಹಂತ 1: ಶೈಲಿಯನ್ನು ಪ್ರಶ್ನೆಯಿಂದ ಆರಿಸಿ

ಯಾವ ಶೈಲಿ ಎಂಬುದು ಟೈಪಿಂಗ್ ಶುರು ಮಾಡುವ ಮೊದಲೇ ತೀರ್ಮಾನವಾಗಬೇಕು. ಅದನ್ನು ನಿಮ್ಮ ಸಂಶೋಧನಾ ಪ್ರಶ್ನೆಯೇ ಹೇಳುತ್ತದೆ. ‘ಜನ ಏನು ಹೇಳಿದರು’ ಎಂಬುದು ನಿಮ್ಮ ಪ್ರಶ್ನೆಯಾದರೆ, ಅಂದರೆ ಯಾವ ಊರಿಗೆ ಹೋದರು, ಕೂಲಿ ಎಷ್ಟು, ಮಕ್ಕಳ ಶಾಲೆ ಏನಾಯಿತು ಎಂಬ ವಿಷಯಗಳನ್ನು ಹೆಕ್ಕುವುದಾದರೆ, ಕ್ಲೀನ್ ಸಾಕು. ‘ಹೇಗೆ ಹೇಳಿದರು’ ಎಂಬುದೂ ಬೇಕಾದರೆ, ಅಂದರೆ ನಾಚಿಕೆ, ಹಿಂಜರಿಕೆ, ಹೆದರಿಕೆ, ಒಬ್ಬರು ತಮ್ಮ ಕತೆಯನ್ನು ಕಟ್ಟುವ ಬಗೆ ನಿಮ್ಮ ವಿಷಯವಾದರೆ, ಪೂರ್ಣ ವರ್ಬೇಟಿಮ್ ಬೇಕು.

ಸಮಯವನ್ನೂ ಲೆಕ್ಕ ಹಾಕಿ. ಅಭ್ಯಾಸ ಇದ್ದವರಿಗೂ ಒಂದು ಗಂಟೆಯ ಧ್ವನಿಯನ್ನು ಕ್ಲೀನ್ ಆಗಿ ಇಳಿಸಲು ಸಾಮಾನ್ಯವಾಗಿ 4ರಿಂದ 6 ಗಂಟೆ ಹಿಡಿಯುತ್ತದೆ. ಪೂರ್ಣ ವರ್ಬೇಟಿಮ್ ಅದಕ್ಕಿಂತ ಬಹಳ ಹೆಚ್ಚು ತಿನ್ನುತ್ತದೆ. ಗಂಟೆಯಷ್ಟುದ್ದದ 15 ಸಂದರ್ಶನಗಳಿದ್ದರೆ, ಗಂಟೆಗೆ 5ರಂತೆ ಹಿಡಿದರೂ ಕ್ಲೀನ್‌ಗೇ 75 ಗಂಟೆ ಬೇಕು.

ನನ್ನ ಸಲಹೆ ಕೇಳಿದರೆ, ಈ ಭಾಗದ ಹೆಚ್ಚಿನ ಪ್ರಬಂಧಗಳಿಗೆ ಒಪ್ಪುವುದು ನಡುವಿನ ದಾರಿ. ಇಡೀ ಸಂದರ್ಶನವನ್ನು ಕ್ಲೀನ್ ಆಗಿ ಇಳಿಸಿ, ನಗು, ದೀರ್ಘ ಮೌನ ಮತ್ತು ಅರ್ಧಕ್ಕೆ ಬಿಟ್ಟ ಮಾತನ್ನು ಮಾತ್ರ ಎಲ್ಲ ಕಡೆ ಉಳಿಸಿ. ಹಣ, ಜಗಳ, ಜಾತಿ, ಮನೆಯೊಳಗಿನ ವಿಚಾರ ಬಂದ ಭಾಗಗಳನ್ನು ಮತ್ತೆ ಕೇಳಿ ಪೂರ್ಣ ವರ್ಬೇಟಿಮ್ ಮಾಡಿ. ಆದರೆ ಯಾವ ಭಾಗಗಳು ಎಂಬುದನ್ನು ಮೊದಲೇ ನಿಯಮವಾಗಿ ಬರೆದಿಟ್ಟುಕೊಳ್ಳಬೇಕು. ಕೇಳುತ್ತ ಕೇಳುತ್ತ ಮನಸ್ಸಿಗೆ ಹಿಡಿಸಿದ್ದನ್ನು ಆರಿಸಿದರೆ ನಿಮ್ಮ ಒಲವೇ ದತ್ತಾಂಶವಾಗುತ್ತದೆ.

ಹಂತ 2: ಐದು ನಿಮಿಷ ಎರಡೂ ಬಗೆಯಲ್ಲಿ ಇಳಿಸಿ ನೋಡಿ

ಸಂದರ್ಶನದ ನಡುವಿನಿಂದ ಐದು ನಿಮಿಷ ತೆಗೆದುಕೊಳ್ಳಿ. ಮೊದಲ ಐದು ನಿಮಿಷ ಬೇಡ, ಅಲ್ಲಿ ಹೆಸರು, ಊರು, ಚಹಾ ಇಷ್ಟೇ ಇರುತ್ತದೆ. ಮೊದಲು ಪೂರ್ಣ, ಆಮೇಲೆ ಅದರಿಂದ ಕ್ಲೀನ್. ಈ ಕ್ರಮ ತಿರುಗಿಸಬೇಡಿ. ತೆಗೆದದ್ದು ಏನು ಎಂದು ಕಣ್ಣಿಗೆ ಕಾಣಬೇಕಾದರೆ ಮೊದಲು ಅದು ಹಾಳೆಯ ಮೇಲೆ ಇರಬೇಕು.

ಒಂದು ತುಣುಕು ನೋಡೋಣ. ಇದು ವಿವರಣೆಗಾಗಿ ನಾನೇ ಕಟ್ಟಿದ್ದು, ಯಾರೊಬ್ಬರ ಮಾತೂ ಅಲ್ಲ. ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಬಂದ ಹೆಣ್ಣುಮಗಳೊಬ್ಬಳನ್ನು, ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಕೊಟ್ಟ ಮುಂಗಡದ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಳ್ಳಿ. ‘ಪ್ರ’ ಅಂದರೆ ಕೇಳುವವರು, ‘ಉ’ ಅಂದರೆ ಹೇಳುವವರು. ಮಾತು ತುಂಡಾದ ಜಾಗಕ್ಕೆ ಅಡ್ಡಗೆರೆ ಹಾಕಿದ್ದೇನೆ.

ಪೂರ್ಣ ವರ್ಬೇಟಿಮ್:

ಪ್ರ: ಮುಂಗಡ ಎಷ್ಟು ಕೊಟ್ಟಿದ್ರು ನಿಮಗ?
ಉ: ಮುಂಗಡ ಅಂದ್ರ... [ಮೌನ, 4 ಸೆಕೆಂಡ್] ಅದು ಏನದ ಅಂದ್ರಿ, ಹ– ಹತ್ತ ಸಾವಿರ, ಇಲ್ರಿ, ಹದಿನೈದು ಕೊಟ್ಟಾರಂತ್ರಿ. ನಮ್ಮ ಮನಿಯವ್ರ ಕೈಯಾಗ ಕೊಟ್ಟಾರಂತ. ನಾ– ನನ್ನ ಕೈಯಾಗ ಏನು– [ನಗು] ನಾವು ಹೆಣ್ಮಕ್ಕಳ್ರಿ, ನಮಗ ಯಾರ್ ಕೇಳ್ತಾರ್ರಿ.
ಪ್ರ: ಹೂಂ.
ಉ: ಹಂಗ, ಮತ್ತ, ಹೋಗೀವ್ರಿ. ಆರ್ ತಿಂಗಳ ಲೆಕ್ಕ ಒಮ್ಮೆಕ್ಕೇ ಕೊಡ್ತೀನಿ ಅಂದ ಮುಕಾದಮ. ಇನ್ನಾ ಕೊಟ್ಟಿಲ್ರಿ. [ನಗು]
ಪ್ರ: ಕೊಟ್ಟೇ ಇಲ್ಲಾ?
ಉ: ಚ್.

ಸಾಮಾನ್ಯವಾಗಿ ಕಾಣುವ ಕೆಟ್ಟ ಕ್ಲೀನ್:

ಉ: ನಮ್ಮ ಯಜಮಾನರಿಗೆ ಹದಿನೈದು ಸಾವಿರ ಮುಂಗಡ ಕೊಟ್ಟಿದ್ದಾರೆ. ನಾವು ಹೆಂಗಸರು, ನಮ್ಮನ್ನು ಯಾರು ಕೇಳುತ್ತಾರೆ? ಆರು ತಿಂಗಳ ಲೆಕ್ಕವನ್ನು ಒಟ್ಟಿಗೆ ಕೊಡುತ್ತೇನೆ ಎಂದು ಮುಕಾದಮರು ಹೇಳಿದರು. ಇನ್ನೂ ಕೊಟ್ಟಿಲ್ಲ.

ಓದಲು ಸಲೀಸು. ಆದರೆ ಇದರಲ್ಲಿ ನಗು, ಮೌನ, ಅರ್ಧಕ್ಕೆ ಬಿಟ್ಟ ಮಾತು ಹೋದದ್ದಲ್ಲದೆ ಇನ್ನೂ ನಾಲ್ಕು ಸಂಗತಿಗಳು ಮಾಯವಾಗಿವೆ. ಅವಳು ಹಣ ಕಂಡಿಲ್ಲ, ‘ಕೊಟ್ಟಾರಂತ’ ಎಂದು ಬರೀ ಕೇಳಿದ್ದನ್ನು ಹೇಳಿದ್ದಳು. ಹೊಸ ಬರಹದಲ್ಲಿ ಅವಳೇ ಸಾಕ್ಷಿ ಹೇಳಿದಂತಾಗಿದೆ. ಹತ್ತೋ ಹದಿನೈದೋ ಎಂಬ ತಡವರಿಕೆ ಅಳಿದು ಮೊತ್ತ ಖಚಿತವಾಗಿ ನಿಂತಿದೆ. ‘ಅಂದ ಮುಕಾದಮ’ ಎಂಬ ಏಕವಚನ ‘ಮುಕಾದಮರು ಹೇಳಿದರು’ ಆಗಿ, ಅವಳು ಕೊಡದ ಗೌರವವನ್ನು ಟೈಪ್ ಮಾಡಿದವರು ಕೊಟ್ಟಿದ್ದಾರೆ. ಕೊನೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಪ್ರಶ್ನೆಯ ಸಮೇತ ಹೋಗಿದೆ.

ಸರಿಯಾದ ಕ್ಲೀನ್:

ಪ್ರ: ಮುಂಗಡ ಎಷ್ಟು ಕೊಟ್ಟಿದ್ರು ನಿಮಗ?
ಉ: ಮುಂಗಡ ಅಂದ್ರ... [ಮೌನ, 4 ಸೆಕೆಂಡ್] ಹತ್ತ ಸಾವಿರ, ಇಲ್ರಿ, ಹದಿನೈದು ಕೊಟ್ಟಾರಂತ್ರಿ. ನಮ್ಮ ಮನಿಯವ್ರ ಕೈಯಾಗ ಕೊಟ್ಟಾರಂತ. ನನ್ನ ಕೈಯಾಗ ಏನು– [ನಗು] ನಾವು ಹೆಣ್ಮಕ್ಕಳ್ರಿ, ನಮಗ ಯಾರ್ ಕೇಳ್ತಾರ್ರಿ. ಹಂಗ ಹೋಗೀವ್ರಿ. ಆರ್ ತಿಂಗಳ ಲೆಕ್ಕ ಒಮ್ಮೆಕ್ಕೇ ಕೊಡ್ತೀನಿ ಅಂದ ಮುಕಾದಮ. ಇನ್ನಾ ಕೊಟ್ಟಿಲ್ರಿ. [ನಗು]
ಪ್ರ: ಕೊಟ್ಟೇ ಇಲ್ಲಾ?
ಉ: ಚ್.

ಪೂರ್ಣದಿಂದ ತೆಗೆದದ್ದು ಬಹಳ ಇಲ್ಲ: ‘ಅದು ಏನದ ಅಂದ್ರಿ’, ‘ಹ–’, ‘ನಾ–’, ‘ಮತ್ತ’, ಕೇಳುವವರ ಒಂದು ‘ಹೂಂ’. ಕ್ಲೀನ್ ಎಂದರೆ ಇಷ್ಟೇ. ಪ್ರಾಂತ್ಯದ ಮಾತನ್ನು ಶಿಷ್ಟ ಕನ್ನಡಕ್ಕೆ ತರುವುದು ಅನುವಾದ, ಅದು ಬೇರೆಯ ಕೆಲಸ. ಬೇಕೆನಿಸಿದರೆ ಬೇರೆಯ ಕಡತದಲ್ಲಿ ಮಾಡಿ.

ಹಂತ 3: ತುಂಬುಮಾತುಗಳನ್ನು ಬೇರ್ಪಡಿಸಿ

ಮಾತಿನ ನಡುವೆ ಜಾಗ ತುಂಬಲು ಬರುವ ಶಬ್ದಗಳ ಪಟ್ಟಿ ಮಾಡಿ ಎಲ್ಲವನ್ನೂ ಒಂದೇ ಸಲ ಹುಡುಕಿ ಅಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಒಂದೇ ಶಬ್ದ ಒಂದು ಕಡೆ ತುಂಬುಮಾತು, ಇನ್ನೊಂದು ಕಡೆ ಅರ್ಥವುಳ್ಳ ಮಾತು. ತೆಗೆದು ಓದಿ ನೋಡಿ, ವಾಕ್ಯ ಹೇಳುವುದು ಬದಲಾಗದಿದ್ದರೆ ಮಾತ್ರ ಅದು ತುಂಬುಮಾತು.

‘ಅದು ಏನದ ಅಂದ್ರ’, ‘ಏನಂತಾರ ಅದಕ್ಕ’, ‘ಹಿಂಗ ನೋಡ್ರಿ’ ಇವು ಹೆಚ್ಚಿನ ಸಲ ಯೋಚನೆಗೆ ತೆಗೆದುಕೊಂಡ ಸಮಯ. ಕ್ಲೀನ್‌ನಲ್ಲಿ ಹೋಗಲಿ. ‘ಮತ್ತ’ ಸುಮ್ಮನೆ ಬಂದಿದ್ದರೆ ಹೋಗಲಿ. ‘ಮತ್ತ ಏನ್ ಮಾಡೋದ್ರಿ’ ಎಂದಾಗ ಅದು ಬೇರೆ ದಾರಿ ಇಲ್ಲ ಎನ್ನುವುದರ ಭಾಗ, ಅಲ್ಲಿ ಮುಟ್ಟಬಾರದು. ಬೀದರ, ಕಲಬುರಗಿಯಲ್ಲಿ ಉರ್ದು ಬೆರೆಸಿ ಮಾತಾಡುವವರ ‘ಮತ್ಲಬ್’ ಕೂಡ ಹೀಗೆಯೇ. ಅದರ ನಂತರ ವಿವರಣೆ ಬಂದರೆ ಉಳಿಯಬೇಕು, ಸುಮ್ಮನೆ ತೇಲುತ್ತಿದ್ದರೆ ಹೋಗಬಹುದು. ‘ಲೇಕಿನ್’ ಅನ್ನು ‘ಆದರೆ’ ಎಂದು ತಿದ್ದುವುದು ಮಾತ್ರ ಎಂದೂ ಬೇಡ.

ಇನ್ನು ತುಂಬುಮಾತಿನ ಹಾಗೆ ಕಂಡರೂ ತುಂಬುಮಾತಲ್ಲದವು. ಇವನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿಕೊಂಡರೆ ಒಳ್ಳೆಯದು.

ಕ್ರಿಯಾಪದದ ಕೊನೆಯ ‘ಅಂತ’. ‘ಮಳಿ ಬಂತು’ ಎಂದರೆ ತಾನು ಕಂಡದ್ದು, ‘ಮಳಿ ಬಂತಂತ’ ಎಂದರೆ ಯಾರೋ ಹೇಳಿದ್ದು. ಈ ಒಂದು ಪ್ರತ್ಯಯ ಹೋದರೆ ಗಾಳಿಮಾತು ಸಾಕ್ಷಿಯಾಗುತ್ತದೆ. ಸಾಲ, ಪರಿಹಾರ, ಲಂಚದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

‘ರಿ’. ಸಾಲಿಗೆ ನಾಲ್ಕು ಸಲ ಬರುತ್ತದೆ ಎಂದು ಬೇಸರಪಟ್ಟು ತೆಗೆಯುತ್ತಾರೆ. ಅದು ಕೇಳುವವರ ಮತ್ತು ಹೇಳುವವರ ನಡುವಿನ ಅಂತರದ ಗುರುತು. ಅರ್ಧ ಗಂಟೆ ‘ರಿ’ ಹಚ್ಚಿದ ಅಜ್ಜಿ ಆಮೇಲೆ ‘ಕೇಳವ್ವಾ’ ಎಂದು ಶುರು ಮಾಡಿದರೆ ಸಂದರ್ಶನ ಅಲ್ಲಿ ತಿರುಗಿದೆ. ‘ರಿ’ ಎಲ್ಲ ಅಳಿಸಿದ ಪ್ರತಿಯಲ್ಲಿ ಆ ತಿರುವು ಸಿಗುವುದಿಲ್ಲ.

‘ಹೂಂ’ ಮತ್ತು ‘ಊಂಹೂಂ’. ಒಂದು ಹೌದು, ಇನ್ನೊಂದು ಇಲ್ಲ. ವೇಗದಲ್ಲಿ ಎರಡನ್ನೂ ‘ಹೂಂ’ ಎಂದು ಹೊಡೆದವರ ಪ್ರತಿಗಳನ್ನು ಕಂಡಿದ್ದೇನೆ. ಧ್ವನಿ ಏರಿದ ‘ಹಾಂ?’ ಬೇರೆ, ಅದು ಪ್ರಶ್ನೆ ಕೇಳಿಸಲಿಲ್ಲ ಇಲ್ಲವೇ ನಂಬಲಾಗಲಿಲ್ಲ ಎನ್ನುವುದು. ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಬರೆಯಿರಿ.

ನಾಲಿಗೆಯ ‘ಚ್’. ಇದು ‘ಇಲ್ಲ’ ಆಗಬಹುದು, ಮರುಕವೂ ಆಗಬಹುದು. ಧ್ವನಿಯಲ್ಲಿ ಎರಡೂ ಒಂದೇ ತರಹ ಕೇಳುತ್ತವೆ, ವ್ಯತ್ಯಾಸ ತಲೆ ಆಡಿಸಿದ್ದರಲ್ಲಿ ಇರುತ್ತದೆ. ಹಾಗಾಗಿ ಸದ್ದನ್ನು ಸದ್ದಾಗಿಯೇ ಬರೆಯಿರಿ. ಟಿಪ್ಪಣಿ ಪುಸ್ತಕದಲ್ಲಿ ಗುರುತು ಇದ್ದರೆ ಮಾತ್ರ ಪಕ್ಕದಲ್ಲಿ [ತಲೆ ಆಡಿಸಿ ಇಲ್ಲ ಎಂದರು] ಎಂದು ಸೇರಿಸಿ. ಸಂದರ್ಶನದ ಹೊತ್ತಿಗೇ ‘ಇಲ್ಲ ಅಂತೀರೇನ್ರಿ?’ ಎಂದು ಬಾಯಿಬಿಟ್ಟು ಕೇಳಿಬಿಟ್ಟರೆ ಈ ಒದ್ದಾಟವೇ ಇರುವುದಿಲ್ಲ.

ಹಂತ 4: ಅರ್ಧಕ್ಕೆ ಬಿಟ್ಟ ಮಾತು

ಶುರು ಮಾಡಿ ಬಿಟ್ಟ ಮಾತುಗಳೆಲ್ಲ ಒಂದೇ ಜಾತಿಯವಲ್ಲ. ಮೇಲಿನ ತುಣುಕಿನಲ್ಲೇ ಮೂರು ಬಗೆ ಇವೆ.

‘ಹ– ಹತ್ತ’ ಬರೀ ನಾಲಿಗೆ ತೊಡರಿದ್ದು. ಕ್ಲೀನ್‌ನಲ್ಲಿ ತೆಗೆಯಿರಿ.

‘ಹತ್ತ ಸಾವಿರ, ಇಲ್ರಿ, ಹದಿನೈದು’ ತಿದ್ದುಪಡಿ. ‘ಅವರು ಕೊನೆಗೆ ಹೇಳಿದ್ದು ಹದಿನೈದಲ್ಲವೇ, ಅದನ್ನೇ ಬರೆದರಾಯಿತು’ ಎಂದು ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಹಣ, ವಯಸ್ಸು, ವರ್ಷ, ಎಕರೆ, ಜನರ ಹೆಸರು ಇವುಗಳಲ್ಲಿ ಆದ ತಿದ್ದುಪಡಿಯನ್ನು ಕ್ಲೀನ್‌ನಲ್ಲೂ ಉಳಿಸಿ. ಹೇಳುವವರಿಗೆ ಮೊತ್ತ ಖಚಿತವಿಲ್ಲ ಎಂಬುದೂ ಒಂದು ಮಾಹಿತಿ. ಬಸ್ಸು ಸೋಮವಾರ ಹತ್ತಿದ್ದೋ ಮಂಗಳವಾರವೋ ಎಂಬಂಥದ್ದರಲ್ಲಿ ತಿದ್ದಿದ ರೂಪ ಸಾಕು, ನಿಮ್ಮ ವಿಷಯಕ್ಕೆ ಆ ದಿನ ಮುಖ್ಯವಾಗಿರದಿದ್ದರೆ.

‘ನನ್ನ ಕೈಯಾಗ ಏನು–’ ಹೇಳಲು ಹೊರಟು ಬಿಟ್ಟ ಮಾತು. ಇದನ್ನು ಎಂದೂ ತೆಗೆಯಬಾರದು, ಪೂರ್ತಿಯನ್ನೂ ಮಾಡಬಾರದು. ‘ನನ್ನ ಕೈಯಾಗ ಏನು ಕೊಡಲಿಲ್ಲ’ ಎಂದು ನೀವು ಸೇರಿಸಿದರೆ ಅದು ನಿಮ್ಮ ವಾಕ್ಯ. ಅವಳು ‘ನನ್ನ ಕೈಯಾಗ ಏನು ಇರ್ತದ’ ಎನ್ನಲು ಹೊರಟಿದ್ದಿರಬಹುದು. ಅಡ್ಡಗೆರೆ ಹಾಕಿ ಅಲ್ಲೇ ಬಿಡಿ. ಅವಳು ಏಕೆ ನಿಂತಳು ಎಂಬುದೂ ನೋಡಬೇಕಾದ್ದೇ. ಅತ್ತೆಯೋ ಗಂಡನೋ ಆ ಹೊತ್ತಿಗೆ ಒಳಗೆ ಬಂದಿದ್ದರೆ ಟಿಪ್ಪಣಿಯಿಂದ ಅದನ್ನು ಕಂಸದಲ್ಲಿ ಸೇರಿಸಿ.

ಹಂತ 5: ನಗು ಮತ್ತು ಮೌನ

ನಗುವನ್ನು ‘ಹ್ಹ ಹ್ಹ’ ಎಂದು ಬರೆಯಬೇಡಿ. ಒಬ್ಬರ ಪ್ರತಿಯಲ್ಲಿ ಎರಡು ‘ಹ್ಹ’, ಇನ್ನೊಬ್ಬರಲ್ಲಿ ಐದು ಆಗಿ ಹೋಲಿಸಲು ಬರುವುದಿಲ್ಲ. [ನಗು] ಎಂಬ ಒಂದೇ ಗುರುತು ಇರಲಿ. ನಗುತ್ತಲೇ ಮಾತಾಡಿದ್ದರೆ [ನಗುತ್ತ], ಇಬ್ಬರೂ ನಕ್ಕಿದ್ದರೆ [ಇಬ್ಬರೂ ನಗು], ಪಕ್ಕದಲ್ಲಿ ಕೂತವರು ನಕ್ಕಿದ್ದರೆ [ಕೂತವರ ನಗು]. ಗುರುತು ನಗು ಬಂದ ಜಾಗದಲ್ಲೇ ಇರಬೇಕು, ಸಾಲಿನ ಕೊನೆಗೆ ಎಸೆಯಬಾರದು.

ಇದೇಕೆ ಇಷ್ಟು ಮುಖ್ಯ ಎಂಬುದಕ್ಕೆ ಮೇಲಿನ ತುಣುಕನ್ನೇ ನೋಡಿ. ಅವಳು ನಕ್ಕದ್ದು ಎರಡು ಸಲ. ಒಂದು ಸಲ ತನ್ನ ಕೈಗೆ ಹಣ ಬಾರದ ಮಾತಿನಲ್ಲಿ, ಇನ್ನೊಂದು ಸಲ ಆರು ತಿಂಗಳ ದುಡಿಮೆಯ ಹಣ ಇನ್ನೂ ಬಂದಿಲ್ಲ ಎಂದಾಗ. ಎರಡರಲ್ಲೂ ತಮಾಷೆ ಇಲ್ಲ. ಕಷ್ಟ ಹೇಳುವವರು ತಾವೇ ನಗುವುದು, ಕೇಳುವವರು ಜೊತೆಗೆ ನಗದೆ ಇರುವುದು, ಜೆಫರ್ಸನ್ ಅವರೇ ವಿವರವಾಗಿ ಗಮನಿಸಿದ ಸಂಗತಿ. ತನಗೆ ಇದನ್ನು ತಾಳುವ ಶಕ್ತಿ ಇದೆ ಎಂದು ತೋರಿಸುವ ನಗು ಅದು. ನೀವು [ತಮಾಷೆಯಾಗಿ] ಎಂದು ಬರೆದರೆ ಓದುಗರು ಆಕೆಗೆ ಏನೂ ಅನ್ನಿಸಲಿಲ್ಲ ಎಂದುಕೊಳ್ಳುತ್ತಾರೆ. [ನೋವಿನಿಂದ ನಕ್ಕರು] ಎಂದರೆ ನೀವು ವಿಶ್ಲೇಷಣೆಯನ್ನು ಟ್ರಾನ್ಸ್‌ಕ್ರಿಪ್ಟ್‌ನೊಳಗೆ ನುಗ್ಗಿಸಿದಂತೆ. ಬರೀ [ನಗು] ಸಾಕು. ಅದು ಯಾವ ನಗು ಎಂಬುದನ್ನು ಅಧ್ಯಾಯದಲ್ಲಿ ವಾದಿಸಿ.

ಮೌನಕ್ಕೆ ಒಂದು ಮಿತಿ ಇಟ್ಟುಕೊಳ್ಳಿ. 3 ಸೆಕೆಂಡಿಗಿಂತ ಹೆಚ್ಚಿನದನ್ನು ಸಂಖ್ಯೆಯೊಂದಿಗೆ ಬರೆದರೆ ಈ ಬಗೆಯ ಅಧ್ಯಯನಕ್ಕೆ ಸಾಕಾಗುತ್ತದೆ. ಸಮಯವನ್ನು ಪ್ಲೇಯರಿನ ಗಡಿಯಾರದಲ್ಲಿ ನೋಡಿ ಬರೆಯಿರಿ, ಅಂದಾಜಿನಲ್ಲಿ ಬೇಡ. ಹೇಳುವವರು ನೀರು ಕುಡಿದಿದ್ದಕ್ಕೂ ಫೋನ್ ಬಂದಿದ್ದಕ್ಕೂ [ಮೌನ] ಬರೆಯದೆ ಕಾರಣ ಬರೆಯಿರಿ.

ಹಂತ 6: ನಿಮ್ಮ ಪ್ರಶ್ನೆಯನ್ನು ತೊಳೆಯಬೇಡಿ

ಉತ್ತರವನ್ನು ಹಾಗೆಯೇ ಇಟ್ಟು ತಮ್ಮ ಪ್ರಶ್ನೆಯನ್ನು ಮಾತ್ರ ಚೆಂದ ಮಾಡುವವರು ಬಹಳ. ‘ಅಂದ್ರ ನಿಮಗ ಮೋಸ ಆತು ಅಂತೀರಿ, ಹೌದಿಲ್ಲೋ?’ ಎಂದು ಕೇಳಿ, ‘ನಿಮ್ಮ ಅನುಭವ ಹೇಗಿತ್ತು?’ ಎಂದು ಟೈಪ್ ಮಾಡಿದರೆ, ‘ಹೌದ್ರಿ, ಮೋಸ ಆತು’ ಎಂಬ ಉತ್ತರ ಆಕೆಯ ಸ್ವಂತ ಮಾತಾಗಿ ಕಾಣುತ್ತದೆ. ಮೋಸ ಎಂಬ ಶಬ್ದ ಕೊಟ್ಟವರು ನೀವು. ಕ್ಲೀನ್‌ನಲ್ಲಿ ನಿಮ್ಮ ‘ಹೂಂ’, ‘ಹಾಂ ಹಾಂ’ ತೆಗೆಯಬಹುದು, ಪ್ರಶ್ನೆಯ ಮಾತುಗಳನ್ನಲ್ಲ.

ಹಂತ 7: ಎರಡನೇ ಸಲ ಕೇಳಿ, ನಿಯಮದ ಹಾಳೆ ಜೋಡಿಸಿ

ಟೈಪ್ ಮಾಡಿದ ಮಾರನೇ ದಿನ, ಕಣ್ಣು ಪ್ರತಿಯ ಮೇಲೆ, ಕಿವಿ ಧ್ವನಿಯ ಮೇಲೆ ಇಟ್ಟು ನಿಲ್ಲಿಸದೆ ಒಮ್ಮೆ ಕೇಳಿ. ತಿಳಿಯದ ಜಾಗವನ್ನು [ಕೇಳಿಸಲಿಲ್ಲ 14:32] ಎಂದೂ, ಅನುಮಾನದ ಶಬ್ದವನ್ನು [ಮುಕಾದಮ? 14:32] ಎಂದೂ ಬರೆಯಿರಿ. ಫ್ಯಾನಿನ ಸದ್ದಿನಲ್ಲಿ ಹೋದ ಶಬ್ದವನ್ನು ಊಹಿಸಿ ತುಂಬಬೇಡಿ. ಊರಿನ ಮಾತು ಬಲ್ಲವರಿಗೆ ಆ ಹತ್ತು ಸೆಕೆಂಡ್ ಕೇಳಿಸಬಹುದು, ಆದರೆ ಭಾಗವಹಿಸಿದವರ ಒಪ್ಪಿಗೆ ಅದಕ್ಕೆ ಅವಕಾಶ ಕೊಟ್ಟಿದ್ದರೆ ಮಾತ್ರ.

ಯಾವುದನ್ನು ತೆಗೆದಿರಿ, ಯಾವುದನ್ನು ಉಳಿಸಿದಿರಿ, ಯಾವ ಗುರುತಿಗೆ ಏನರ್ಥ ಎಂಬುದು ಒಂದು ಪುಟದಲ್ಲಿ ಇರಲಿ. ಇಬ್ಬರು ಸೇರಿ ಟೈಪ್ ಮಾಡುತ್ತಿದ್ದರೆ ಅದೇ ಐದು ನಿಮಿಷವನ್ನು ಇಬ್ಬರೂ ಬೇರೆ ಬೇರೆಯಾಗಿ ಇಳಿಸಿ ಹೋಲಿಸಿ, ಆಮೇಲೆ ಮುಂದುವರಿಯಿರಿ. ಪೂರ್ಣ ಪ್ರತಿಯನ್ನೂ ಮೂಲ ಧ್ವನಿಯನ್ನೂ ಕ್ಲೀನ್ ಮುಗಿಯಿತೆಂದು ಅಳಿಸಬೇಡಿ.

ದಾರಿ ತಪ್ಪಿದ್ದು ಹೇಗೆ ತಿಳಿಯುತ್ತದೆ

ಕಮಲಾಪುರದ ರೈತನೂ ಶಹಾಪುರದ ಅಂಗನವಾಡಿ ಕಾರ್ಯಕರ್ತೆಯೂ ನಿಮ್ಮ ಪ್ರತಿಯಲ್ಲಿ ಒಂದೇ ಬಗೆಯ ಕನ್ನಡ ಆಡುತ್ತಿದ್ದರೆ, ಆಡುತ್ತಿರುವವರು ನೀವು. ಒಂದು ಗಂಟೆಯ ಸಂದರ್ಶನದಲ್ಲಿ ಒಂದೂ [ಕೇಳಿಸಲಿಲ್ಲ] ಇಲ್ಲದಿದ್ದರೆ ಊಹೆ ಸೇರಿದೆಯೋ ಎಂದು ನೋಡಿ. ಮೊದಲ ಮೂರು ಪುಟದಲ್ಲಿ ಹತ್ತು [ನಗು], ಉಳಿದ ಇಪ್ಪತ್ತು ಪುಟದಲ್ಲಿ ಎರಡೇ ಇದ್ದರೆ ಜನ ನಗುವುದನ್ನು ಬಿಟ್ಟಿದ್ದಾರೋ ನೀವು ಬರೆಯುವುದನ್ನು ಬಿಟ್ಟಿದ್ದೀರೋ ಎಂದು ಧ್ವನಿಗೆ ಮರಳಿ.

ಇನ್ನೊಂದು ಲಕ್ಷಣವಿದೆ, ಅದನ್ನು ಹಿಡಿಯುವುದು ಕಷ್ಟ. ಅಧಿಕಾರಿ, ಶಿಕ್ಷಕರ ಮಾತು ಕ್ಲೀನ್ ಆಗಿ, ಕೂಲಿಯವರ ಮಾತು ಎಲ್ಲ ತೊದಲುಗಳೊಂದಿಗೆ ಪೂರ್ಣವಾಗಿ ಇರುವುದು. ಬೇಕೆಂದು ಯಾರೂ ಮಾಡುವುದಿಲ್ಲ. ಆದರೆ ಓದಿದವರಿಗೆ ಒಂದು ಗುಂಪು ಜಾಣರಾಗಿಯೂ ಇನ್ನೊಂದು ಗುಂಪು ಮಾತು ಬಾರದವರಾಗಿಯೂ ಕಾಣುತ್ತದೆ. ತೊದಲು ಎಲ್ಲರಿಗೂ ಇದೆ, ತಹಶೀಲ್ದಾರರ ಧ್ವನಿಯನ್ನೂ ಒಮ್ಮೆ ಪೂರ್ಣ ಇಳಿಸಿ ನೋಡಿ. ಒಂದೇ ಅಧ್ಯಾಯದಲ್ಲಿ ಎಲ್ಲರ ಮಾತಿಗೂ ಒಂದೇ ನಿಯಮ ಇರಬೇಕು.

ಹಂತ 8: ಪ್ರಬಂಧಕ್ಕೆ ಉಲ್ಲೇಖ ತೆಗೆಯುವಾಗ

ವಿಧಾನದ ಅಧ್ಯಾಯದಲ್ಲಿ ‘ಸಂದರ್ಶನಗಳನ್ನು ಲಿಖಿತ ರೂಪಕ್ಕೆ ತರಲಾಯಿತು’ ಎಂಬ ಒಂದು ಸಾಲು ಸಾಲದು. ಈ ತರಹ ಬರೆಯಬಹುದು: ‘ಮಾತನ್ನು ಆಡಿದ ಪ್ರಾಂತ್ಯದ ರೂಪದಲ್ಲೇ ಉಳಿಸಿದೆ. ಅರ್ಥ ಬದಲಿಸದ ತುಂಬುಮಾತು ಮತ್ತು ತೊದಲನ್ನು ತೆಗೆದಿದೆ. ನಗು, 3 ಸೆಕೆಂಡ್ ಮೀರಿದ ಮೌನ, ಬಿಟ್ಟ ಮಾತು, ಸಂಖ್ಯೆಗಳಲ್ಲಿನ ತಿದ್ದುಪಡಿಯನ್ನು ಉಳಿಸಿದೆ. ಕೂಲಿ ಮತ್ತು ಮುಂಗಡದ ಭಾಗಗಳನ್ನು ಪೂರ್ಣ ರೂಪದಲ್ಲಿ ಇಳಿಸಿದೆ.’

ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಅನುವಾದವನ್ನು ಈ ಪ್ರಾಂತ್ಯದ ಪ್ರತಿಯಿಂದಲೇ ಮಾಡಿ, ನಡುವೆ ಶಿಷ್ಟ ಕನ್ನಡದ ಮೆಟ್ಟಿಲು ಬೇಡ. ‘ಕೊಟ್ಟಾರಂತ’ದಲ್ಲಿನ ಕೇಳಿಕೆಯ ಅರ್ಥ ಆ ಮೆಟ್ಟಿಲಿನ ಮೇಲೆಯೇ ಬಿದ್ದುಹೋಗುತ್ತದೆ. ‘ಅಂದ’ ಎಂಬುದರ ಏಕವಚನಕ್ಕೆ ಇಂಗ್ಲಿಷಿನಲ್ಲಿ ಜಾಗವಿಲ್ಲ. ಆಕೆ ಮುಕಾದಮನನ್ನು ಗೌರವದ ರೂಪದಿಂದ ಇಳಿಸಿ ಮಾತಾಡಿದಳು ಎಂಬುದು ನಿಮ್ಮ ವಾದಕ್ಕೆ ಬೇಕಿದ್ದರೆ ಅಡಿಟಿಪ್ಪಣಿಯಲ್ಲಿ ಹೇಳಿ, ಕನ್ನಡದ ಮೂಲ ಸಾಲನ್ನು ಅನುಬಂಧದಲ್ಲಿ ಕೊಡಿ. ‘ಚ್’ ಬಂದ ಕಡೆ ಅನುವಾದದಲ್ಲಿ ‘ಇಲ್ಲ’ ಎಂದು ನೇರ ಬರೆಯದೆ, ನಾಲಿಗೆಯಿಂದ ಸದ್ದು ಮಾಡಿದರು ಎಂದು ಕಂಸದಲ್ಲಿ ಬರೆದು, ತಲೆ ಆಡಿಸಿದ ಟಿಪ್ಪಣಿ ಇದ್ದರೆ ಅದನ್ನೂ ಅಲ್ಲೇ ಸೇರಿಸಿ.